ಇಂಗ್ಲಿಷಿನಲ್ಲೇ ಉಳಿದುಬಿಟ್ಟ ಜರ್ಮನ್ ಭಾವಗಳು

ಇಂಗ್ಲಿಷ್ ಭಾಷೆ ಜರ್ಮನ್‌ನಿಂದ ಪದಗಳನ್ನು ಎರಡು ಬಗೆಯಲ್ಲಿ ತಂದುಕೊಂಡಿದೆ. ಮೊದಲನೆಯದು ಪದವನ್ನು ಬಿಚ್ಚಿ, ಭಾಗ ಭಾಗವಾಗಿ ಅನುವಾದಿಸಿಕೊಳ್ಳುವ ಬಗೆ. ನೀತ್ಸೆಯ 'ಊಬರ್‌ಮೆನ್ಶ್' ಹೀಗೆ ಸೂಪರ್‌ಮ್ಯಾನ್ ಆಯಿತು. ಕೇಳಿದ ಹಾಡು ತಲೆಯೊಳಗೆ ಸುತ್ತುತ್ತಲೇ ಇರುವುದಕ್ಕೆ ಜರ್ಮನ್ನರು ಹೇಳುವ 'ಓರ್‌ವುರ್ಮ್', ಅಂದರೆ ಕಿವಿಹುಳು, ಇಯರ್‌ವರ್ಮ್ ಆಯಿತು. ಎರಡನೆಯದು ಪದವನ್ನು ಇಡಿಯಾಗಿ, ಹಾಗೆಯೇ ಎತ್ತಿಕೊಳ್ಳುವ ಬಗೆ. ಫ್ರೋಬೆಲ್ 1840ರಲ್ಲಿ ಹೆಸರಿಟ್ಟ 'ಕಿಂಡರ್‌ಗಾರ್ಟನ್' ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಹೊಸ ವಸ್ತುವೊಂದು ಬಂದಾಗ ಅದರ ಹೆಸರೂ ಜೊತೆಗೆ ಬರುವುದು ಸಹಜ. ಮನಸ್ಸಿನ ಸ್ಥಿತಿಯೊಂದಕ್ಕೆ ಹೊರಗಿನಿಂದ ಹೆಸರು ತರುವುದು ಅಷ್ಟು ಸರಳವಲ್ಲ. ಭಾವ ಹೆಸರಿಗಿಂತ ಮೊದಲೇ ಅಲ್ಲಿರುತ್ತದೆ. ಆದರೂ ಶಾಡನ್‌ಫ್ರಾಯ್ಡ, ಆಂಗ್ಸ್ಟ್, ವೆಲ್ಟ್‌ಶ್ಮೆರ್ಟ್ಸ್, ವಾಂಡರ್‌ಲುಸ್ಟ್, ಝೈಟ್‌ಗೈಸ್ಟ್ ಮುಂತಾದ ಹತ್ತಾರು ಪದಗಳು ಇಂಗ್ಲಿಷಿಗೆ ಹೀಗೆಯೇ ಬಂದವು.

ಇವುಗಳಲ್ಲಿ ಹೆಚ್ಚಿನವು ಸಮಾಸಪದಗಳು. ಜರ್ಮನ್ ಭಾಷೆ ನಾಮಪದಗಳನ್ನು ಒಂದಕ್ಕೊಂದು ಅಂಟಿಸಿ ಹೊಸ ಪದ ಕಟ್ಟುತ್ತದೆ. ಕೊನೆಯ ಪದವೇ ಯಜಮಾನ. ಮುಂದಿನದು ಅದನ್ನು ವಿಶೇಷಿಸುತ್ತದೆ. ತತ್ಪುರುಷ ಸಮಾಸ ಕಲಿತ ಕನ್ನಡಿಗರಿಗೆ ಈ ಕಟ್ಟಡ ಹೊಸದೇನಲ್ಲ. 'ಶಾಡನ್' ಎಂದರೆ ಹಾನಿ, 'ಫ್ರಾಯ್ಡ' ಎಂದರೆ ಸಂತೋಷ. 'ವೆಲ್ಟ್' ಜಗತ್ತು, 'ಶ್ಮೆರ್ಟ್ಸ್' ನೋವು. 'ಝೈಟ್' ಕಾಲ, 'ಗೈಸ್ಟ್' ಚೇತನ. ಬಿಡಿಸಿದಾಗ ಅರ್ಥ ಇಷ್ಟು ಸುಲಭವಾಗಿ ಕಾಣುವುದರಿಂದಲೇ ಓದುಗರು ಮೋಸಹೋಗುತ್ತಾರೆ. ಹಾನಿ ಮತ್ತು ಸಂತೋಷ ಎಂದು ತಿಳಿದ ಮಾತ್ರಕ್ಕೆ ಆ ಪದ ಯಾವ ಭಾವಕ್ಕೆ ಸಲ್ಲುತ್ತದೆ, ಯಾವುದಕ್ಕೆ ಸಲ್ಲುವುದಿಲ್ಲ ಎಂಬುದು ತಿಳಿಯುವುದಿಲ್ಲ.

ಶಾಡನ್‌ಫ್ರಾಯ್ಡ ಎಂದರೆ ಇನ್ನೊಬ್ಬರಿಗೆ ಆದ ಕೆಡುಕನ್ನು ಕಂಡು ಒಳಗೊಳಗೇ ಆಗುವ ಖುಷಿ. ಇದು ಇಂಗ್ಲಿಷರಿಗೆ ಜರ್ಮನ್ ಪದ ಬರುವವರೆಗೆ ಗೊತ್ತಿರಲಿಲ್ಲ ಎಂಬ ಮಾತು ಆಗಾಗ ಕೇಳಿಬರುತ್ತದೆ, ಅದು ಸುಳ್ಳು. ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದಲ್ಲಿ ಇದೇ ಭಾವವನ್ನು 'ಎಪಿಖೈರೆಕಾಕಿಯಾ' ಎಂದು ಹೆಸರಿಸಿದ್ದ. 1621ರಲ್ಲಿ ಬಂದ ರಾಬರ್ಟ್ ಬರ್ಟನ್ನನ ವಿಷಾದ ಕುರಿತ ದೊಡ್ಡ ಗ್ರಂಥದಲ್ಲಿ ಆ ಗ್ರೀಕ್ ಪದ ಕಾಣಿಸುತ್ತದೆ. ನೇಥನ್ ಬೈಲಿಯ 18ನೇ ಶತಮಾನದ ಇಂಗ್ಲಿಷ್ ನಿಘಂಟಿನಲ್ಲಿ ಅದಕ್ಕೆ ಇಂಗ್ಲಿಷ್ ರೂಪವನ್ನೂ ಕೊಟ್ಟು ಅರ್ಥ ಬರೆಯಲಾಗಿದೆ. ಆದರೆ ಉಚ್ಚರಿಸಲು ನಾಲಿಗೆ ಹೊರಳದ ಆ ಪದವನ್ನು ಯಾರೂ ಬಳಸಲಿಲ್ಲ. ಅದು ನಿಘಂಟಿನಲ್ಲೇ ಹುಟ್ಟಿ ನಿಘಂಟಿನಲ್ಲೇ ಸತ್ತಿತು.

1851ರಲ್ಲಿ ರಿಚರ್ಡ್ ಟ್ರೆಂಚ್ ಎಂಬ ಪಾದ್ರಿ ಪದಗಳ ಅಧ್ಯಯನದ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದರು. ಮುಂದೆ ಡಬ್ಲಿನ್ನಿನ ಆರ್ಚ್‌ಬಿಷಪ್ ಆದವರು ಇವರೇ. ಆಕ್ಸ್‌ಫರ್ಡ್ ನಿಘಂಟಿನ ಯೋಜನೆಗೆ ಚಾಲನೆ ಕೊಟ್ಟವರಲ್ಲೂ ಇವರೊಬ್ಬರು. ಪರರ ಸಂಕಟದಲ್ಲಿ ಸುಖಪಡುವುದಕ್ಕೆ ಒಂದು ಭಾಷೆಯಲ್ಲಿ ಪದವಿದೆ ಎಂದರೆ ಆ ಗುಣ ಆ ಜನರಲ್ಲಿ ಇದೆ ಎಂದೇ ಅರ್ಥ, ಇದು ಎಂಥ ಭಯಂಕರ ಸಂಗತಿ ಎಂದು ಅವರು ಗ್ರೀಕ್ ಪದವನ್ನೂ ಜರ್ಮನ್ ಪದವನ್ನೂ ಅಕ್ಕಪಕ್ಕ ಇಟ್ಟು ಮರುಗಿದರು. ಹೆಸರಿಲ್ಲದಿದ್ದರೆ ಪಾಪವೂ ಇಲ್ಲ ಎಂಬ ಈ ತರ್ಕ ಪಾದ್ರಿಯೊಬ್ಬರಿಗೆ ಒಪ್ಪುವಂಥದ್ದೇನೂ ಅಲ್ಲ. ತಮಾಷೆಯೆಂದರೆ, ಖಂಡಿಸಲು ಹೋಗಿ ಅವರೇ ಆ ಪದವನ್ನು ಇಂಗ್ಲಿಷ್ ಪುಸ್ತಕದೊಳಗೆ ತಂದು ಕೂರಿಸಿದರು. 1867ರಲ್ಲಿ ಥಾಮಸ್ ಕಾರ್ಲೈಲ್ ಅದನ್ನು ಮತ್ತೆ ಬಳಸಿದಾಗ, ಜೊತೆಯಲ್ಲೇ 'ಮಿಸ್ಚಿಫ್-ಜಾಯ್' ಎಂಬ ಅನುವಾದವನ್ನೂ ಕೊಟ್ಟ. ಕಿಡಿಗೇಡಿತನದ ಖುಷಿ ಎಂಬಂತೆ ಕೇಳುವ ಆ ಅನುವಾದ ನಿಲ್ಲಲಿಲ್ಲ. ಮೂಲವೇ ನಿಂತಿತು.

ಈ ಭಾವದ ಗಡಿಯನ್ನು ಗುರುತಿಸಲು ಅದರ ಅಕ್ಕಪಕ್ಕದವುಗಳನ್ನು ಬೇರ್ಪಡಿಸಿ ನೋಡಬೇಕು. ಶಾಡನ್‌ಫ್ರಾಯ್ಡ ಪಡುವವನು ಕೆಡುಕನ್ನು ತಾನು ಮಾಡಿರುವುದಿಲ್ಲ. ಅವನು ಪ್ರೇಕ್ಷಕ ಮಾತ್ರ. ತಾನೇ ತಳ್ಳಿ ಬೀಳಿಸಿ ನಕ್ಕರೆ ಅದು ಕ್ರೌರ್ಯ. ತನಗೆ ಅನ್ಯಾಯ ಮಾಡಿದವನ ಮೇಲೆ ತಿರುಗಿ ಬಿದ್ದು ಗೆದ್ದರೆ ಅದು ಸೇಡು. 'ಗಂಡ ಸತ್ತರೂ ಸರಿ, ಸವತಿ ಮುಂಡೆಯಾಗಲಿ' ಎಂಬ ಕನ್ನಡದ ಒರಟು ಗಾದೆ ಹೇಳುವುದು ಇದಲ್ಲದ ಇನ್ನೊಂದು ಭಾವವನ್ನು: ಅಲ್ಲಿ ಎದುರಾಳಿಯ ನಷ್ಟಕ್ಕಾಗಿ ತನ್ನ ನಷ್ಟವನ್ನೂ ಒಪ್ಪಿಕೊಳ್ಳುವ ಹಟವಿದೆ. ಶಾಡನ್‌ಫ್ರಾಯ್ಡದಲ್ಲಿ ಅಂಥ ತ್ಯಾಗವೇನೂ ಇಲ್ಲ. ಅದು ಪುಕ್ಕಟೆಯಾಗಿ ಸಿಗುವ ಸುಖ. ಅದಕ್ಕೇ ಅಷ್ಟು ಸಾಮಾನ್ಯ.

ಇನ್ನೊಂದು ಭೇದ ಸೂಕ್ಷ್ಮವಾದದ್ದು. ರೋಮನ್ ಕವಿ ಲುಕ್ರೀಷಿಯಸ್ ತನ್ನ ಕಾವ್ಯದ ಎರಡನೆಯ ಭಾಗದ ಆರಂಭದಲ್ಲಿ, ಬಿರುಗಾಳಿಯ ಕಡಲಿನಲ್ಲಿ ಒದ್ದಾಡುವ ಇನ್ನೊಬ್ಬನನ್ನು ದಡದಲ್ಲಿ ನಿಂತು ನೋಡುವುದು ಹಿತವಾಗಿರುತ್ತದೆ ಎನ್ನುತ್ತಾನೆ. ಮೇಲುನೋಟಕ್ಕೆ ಇದೂ ಶಾಡನ್‌ಫ್ರಾಯ್ಡದಂತೆಯೇ ಕಾಣುತ್ತದೆ. ಆದರೆ ಕವಿ ತಾನೇ ಅದನ್ನು ಸ್ಪಷ್ಟಪಡಿಸುತ್ತಾನೆ: ಹಿತವಾಗುವುದು ಅವನು ನರಳುವುದರಿಂದಲ್ಲ, ತಾನು ಆ ಕಷ್ಟದಿಂದ ಪಾರಾಗಿದ್ದೇನೆ ಎಂದು ತಿಳಿಯುವುದರಿಂದ. ಇದು ನೆಮ್ಮದಿ. ಕಡಲಿನಲ್ಲಿದ್ದವನು ನಮಗಿಂತ ದೊಡ್ಡ ಹಡಗು ಕೊಂಡು, ಅದನ್ನು ಊರಿಗೆಲ್ಲ ತೋರಿಸಿಕೊಂಡು ಹೊರಟಿದ್ದವನಾಗಿದ್ದರೆ ಮಾತ್ರ ಭಾವ ಬೇರೆಯಾಗುತ್ತಿತ್ತು.

ಅಸೂಯೆ ಮತ್ತು 'ತಕ್ಕ ಶಾಸ್ತಿ' ಎಂಬ ನ್ಯಾಯಬುದ್ಧಿ, ಇವೆರಡೂ ಈ ಭಾವದ ಮುಖ್ಯ ಮೂಲಗಳು. ಕ್ಯಾಂಟ್ 1797ರ ತನ್ನ ನೀತಿಗ್ರಂಥದಲ್ಲಿ ಅಸೂಯೆ, ಕೃತಘ್ನತೆ ಮತ್ತು ಶಾಡನ್‌ಫ್ರಾಯ್ಡ ಈ ಮೂರನ್ನೂ ಒಂದೇ ಕುಟುಂಬದ ದುರ್ಗುಣಗಳೆಂದು ಒಟ್ಟಿಗೆ ಇರಿಸಿದ. ಶೋಪನ್‌ಹಾವರ್ ಇನ್ನೂ ಕಠೋರ: ಅಸೂಯೆ ಮನುಷ್ಯ ಸಹಜ, ಶಾಡನ್‌ಫ್ರಾಯ್ಡ ಮಾತ್ರ ಪೈಶಾಚಿಕ ಎಂದ. 20ನೇ ಶತಮಾನದ ಮನಶ್ಶಾಸ್ತ್ರಜ್ಞರು ಅಷ್ಟು ಗಾಬರಿಯಾಗಲಿಲ್ಲ. ಆಸ್ಟ್ರೇಲಿಯಾದಲ್ಲಿ ನಾರ್ಮನ್ ಫೆದರ್, ಬಹಳ ಎತ್ತರಕ್ಕೇರಿದವರು ಬಿದ್ದಾಗ ಜನರಿಗೆ ಏನನ್ನಿಸುತ್ತದೆ ಎಂದು ಅಧ್ಯಯನ ಮಾಡಿದರು. ಆ ಎತ್ತರಕ್ಕೆ ಅವರು ಅರ್ಹರಲ್ಲ ಎಂದು ಜನರಿಗೆ ಅನ್ನಿಸಿದ್ದಷ್ಟೂ ಬಿದ್ದಾಗಿನ ಸಂತೋಷ ಹೆಚ್ಚು. 2009ರಲ್ಲಿ ಜಪಾನಿನ ತಾಕಾಹಾಶಿ ಮತ್ತು ಸಂಗಡಿಗರು 19 ಜನರ ಮೆದುಳನ್ನು ಸ್ಕ್ಯಾನ್ ಮಾಡುತ್ತ, ತಮ್ಮಂತೆಯೇ ಇದ್ದು ತಮಗಿಂತ ಮುಂದಿರುವ ವ್ಯಕ್ತಿಯ ಕಥೆಯನ್ನು ಓದಿಸಿದರು. ಅಸೂಯೆ ಮೂಡಿದಾಗ ಕೆಲಸ ಮಾಡಿದ್ದು, ನೋವು ಮತ್ತು ತಾಕಲಾಟದ ಹೊತ್ತಿನಲ್ಲಿ ಚುರುಕಾಗುವ ಮೆದುಳಿನ ಭಾಗ. ಅದೇ ವ್ಯಕ್ತಿಗೆ ಕೆಡುಕಾದಾಗ ಚುರುಕಾದದ್ದು, ಬಹುಮಾನ ಸಿಕ್ಕಾಗ ಕೆಲಸ ಮಾಡುವ ಭಾಗ. ಹತ್ತೊಂಬತ್ತು ಜನ ಎಂದರೆ ಚಿಕ್ಕ ಗುಂಪೇ. ಆದರೂ ಫಲಿತಾಂಶ ಅಸೂಯೆ ಮತ್ತು ಶಾಡನ್‌ಫ್ರಾಯ್ಡಗಳ ನಂಟಿನ ಬಗೆಗಿನ ಹಳೆಯ ಅನುಮಾನಕ್ಕೆ ಸರಿಹೊಂದುತ್ತದೆ.

ಈ ಭಾವ ಗುಂಪಿನಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದಕ್ಕೆ ಒಂದು ಪಂದ್ಯವನ್ನು ಹತ್ತಿರದಿಂದ ನೋಡಬಹುದು. 1998ರ ಜುಲೈ 4ರಂದು ಫ್ರಾನ್ಸಿನ ಲಿಯೋನ್ ನಗರದಲ್ಲಿ ವಿಶ್ವಕಪ್ ಫುಟ್‌ಬಾಲಿನ ಕ್ವಾರ್ಟರ್‌ಫೈನಲ್. ಜರ್ಮನಿ ಆಡಿದ್ದು ಕ್ರೊಯೇಷಿಯಾದ ಎದುರು, ಸೋತದ್ದು 3–0ರಿಂದ. ಪಕ್ಕದ ದೇಶ ನೆದರ್‌ಲ್ಯಾಂಡ್ಸ್‌ಗೂ ಆ ಪಂದ್ಯಕ್ಕೂ ಸಂಬಂಧವೇ ಇರಲಿಲ್ಲ. ಆದರೆ 1974ರ ವಿಶ್ವಕಪ್ ಫೈನಲ್‌ನಲ್ಲಿ ಡಚ್ಚರು ಮ್ಯೂನಿಕ್‌ನಲ್ಲಿ ಪಶ್ಚಿಮ ಜರ್ಮನಿಗೆ 2–1ರಿಂದ ಸೋತಿದ್ದರು, ಆ ಗಾಯ ಮಾಸಿರಲಿಲ್ಲ. ಮನಶ್ಶಾಸ್ತ್ರಜ್ಞರಾದ ಕಾಲಿನ್ ಲೀಚ್, ರಸೆಲ್ ಸ್ಪಿಯರ್ಸ್ ಮತ್ತು ಸಂಗಡಿಗರು ಜರ್ಮನಿಯ ಆ ಸೋಲಿನ ಬಗ್ಗೆ ಡಚ್ಚರಿಗೆ ಏನನ್ನಿಸಿತೆಂದು ವಿಚಾರಿಸಿ, ಅದನ್ನು 2003ರಲ್ಲಿ ಪ್ರಕಟಿಸಿದರು. ಫುಟ್‌ಬಾಲಿನಲ್ಲಿ ಹೆಚ್ಚು ಆಸಕ್ತಿ ಇದ್ದವರಿಗೆ ಜರ್ಮನಿಯ ಸೋಲು ಹೆಚ್ಚು ಖುಷಿ ಕೊಟ್ಟಿತ್ತು, ಇದು ನಿರೀಕ್ಷಿತವೇ. ಕುತೂಹಲ ಹುಟ್ಟಿಸುವುದು ಇನ್ನೊಂದು ಸಂಗತಿ. ಆಟದಲ್ಲಿ ಅಷ್ಟೇನೂ ಆಸಕ್ತಿ ಇಲ್ಲದವರಿಗೂ ತಮ್ಮ ದೇಶದ ತಂಡ ಕೀಳು ಎಂಬ ಭಾವನೆ ಚುಚ್ಚಿದಾಗ ಖುಷಿ ಏರಿತು. ಎರಡನೆಯ ಅಧ್ಯಯನದಲ್ಲಿ ಇಟಲಿಯ ಸೋಲನ್ನೂ ಸೇರಿಸಿಕೊಂಡರು. ಇಟಲಿ ನ್ಯಾಯವಾಗಿಯೇ ಮೇಲಿನ ತಂಡ; ಅಂಥ ತಂಡ ಸೋತಾಗ, 'ಮುಚ್ಚುಮರೆ ಇಲ್ಲದೆ ಪ್ರಾಮಾಣಿಕವಾಗಿ ಹೇಳಬೇಕು' ಎಂಬ ನಡತೆಯನ್ನು ನೆನಪಿಸಿದರೆ, ಆಸಕ್ತಿ ಕಡಿಮೆ ಇದ್ದವರು ಖುಷಿಯನ್ನು ತಗ್ಗಿಸಿ ಹೇಳಿದರು. ಅಂದರೆ ಈ ಸುಖಕ್ಕೆ ನಾಚಿಕೆಯ ಒಂದು ತೆಳು ಪೊರೆ ಇದೆ; ಇದಕ್ಕೊಂದು ಸಮರ್ಥನೆ ಬೇಕಾಗುತ್ತದೆ.

ಅದೇ ನಾಚಿಕೆಯಿಂದ ಈ ಭಾವವನ್ನು ಗುರುತಿಸಬಹುದು. ಎದುರಿಗೆ ನಿಂತು ಕೇಕೆ ಹಾಕಿದರೆ ಅದಕ್ಕೆ ಇಂಗ್ಲಿಷಿನಲ್ಲಿ 'ಗ್ಲೋಟ್' ಎಂಬ ಬೇರೆ ಕ್ರಿಯಾಪದವೇ ಇದೆ. ಜರ್ಮನ್‌ನಲ್ಲಿಯೂ ಬಹಿರಂಗ ಹಂಗಿಸುವಿಕೆಗೆ 'ಹೇಮ' ಎಂಬ ಪದವಿದೆ. ಶಾಡನ್‌ಫ್ರಾಯ್ಡ ಮುಖದ ಮೇಲೆ ಬಂದು ತಕ್ಷಣ ಅಡಗುವ ನಗು. ಅನಾಹುತ ದೊಡ್ಡದಾದರೆ ಅದು ಉಳಿಯುವುದೂ ಇಲ್ಲ: ಜಂಬದ ಸಹೋದ್ಯೋಗಿಯ ಬಡ್ತಿ ತಪ್ಪಿದಾಗ ಬರುವ ಖುಷಿ, ಅವನ ಮಗು ಆಸ್ಪತ್ರೆಗೆ ಸೇರಿದೆ ಎಂದಾಗ ಇಂಗಿಹೋಗುತ್ತದೆ. ಇಂಗಿಹೋಗದಿದ್ದರೆ ಅದಕ್ಕೆ ದ್ವೇಷ ಎನ್ನಬೇಕು.

ಕನ್ನಡದಲ್ಲಿ ಪತ್ರಿಕೆಗಳು 'ವಿಕೃತ ಸಂತೋಷ' ಎಂದು ಬರೆಯುತ್ತವೆ. ಅದು ಮೂಲಕ್ಕಿಂತ ಖಾರವಾದದ್ದು. ಆಡುವ ಮೊದಲೇ ತೀರ್ಪು ಕೊಟ್ಟುಬಿಡುತ್ತದೆ. ಇದರ ವಿರುದ್ಧ ಭಾವಕ್ಕೆ ಹೆಸರಿಡುವುದರಲ್ಲಿ ಮಾತ್ರ ಭಾರತದ ಭಾಷೆಗಳು ಮುಂದಿವೆ. ಇನ್ನೊಬ್ಬರ ಏಳಿಗೆಯನ್ನು ಕಂಡು ಆಗುವ ಸಂತೋಷಕ್ಕೆ ಬೌದ್ಧರೂ ಪತಂಜಲಿಯ ಯೋಗಸೂತ್ರವೂ 'ಮುದಿತಾ' ಎನ್ನುತ್ತವೆ. ಮೈತ್ರಿ, ಕರುಣೆ, ಉಪೇಕ್ಷೆಗಳ ಜೊತೆ ಅದು ಅಭ್ಯಾಸದಿಂದ ಬೆಳೆಸಿಕೊಳ್ಳಬೇಕಾದ ಗುಣ. ಜರ್ಮನ್‌ನಲ್ಲಿ ನೀತ್ಸೆ 'ಮಿಟ್‌ಫ್ರಾಯ್ಡ' ಎಂಬ ಪದವನ್ನು ಇದೇ ಅರ್ಥಕ್ಕೆ ಎತ್ತಿ ಹಿಡಿದ. ಇಂಗ್ಲಿಷರು ಅದನ್ನು ಮಾತ್ರ ತೆಗೆದುಕೊಳ್ಳಲಿಲ್ಲ.

ವೆಲ್ಟ್‌ಶ್ಮೆರ್ಟ್ಸ್‌ನ ಹುಟ್ಟು ಇನ್ನೂ ವಿಚಿತ್ರ. ಬವೇರಿಯಾದ ವುನ್‌ಸೀಡಲ್ ಊರಿನಲ್ಲಿ ಹುಟ್ಟಿದ ಕಾದಂಬರಿಕಾರ ಜಾನ್ ಪಾಲ್ ಹೊಸ ಪದ ಕಟ್ಟುವುದರಲ್ಲಿ ನಿಪುಣ. ತದ್ರೂಪಿ ಎಂಬ ಅರ್ಥದ 'ಡೊಪೆಲ್‌ಗ್ಯಾಂಗರ್' ಕೂಡ 1796ರ ಅವನ ಕಾದಂಬರಿಯಿಂದಲೇ ಬಂದದ್ದು. ಅವನು ತೀರಿಕೊಂಡ ಎರಡು ವರ್ಷಗಳ ನಂತರ, 1827ರಲ್ಲಿ ಪ್ರಕಟವಾದ 'ಸೆಲಿನಾ' ಎಂಬ ಅಪೂರ್ಣ ಕೃತಿಯಲ್ಲಿ ವೆಲ್ಟ್‌ಶ್ಮೆರ್ಟ್ಸ್ ಮೊದಲು ಕಾಣಿಸಿಕೊಳ್ಳುತ್ತದೆ. ಅಲ್ಲಿ ಆ ನೋವು ಮನುಷ್ಯನದಲ್ಲ, ದೇವರದು. ಮನುಷ್ಯರ ಸಾವಿರಾರು ಯಾತನೆಗಳನ್ನು ಒಟ್ಟಿಗೆ ಕಾಣಬಲ್ಲವನು ದೇವರೊಬ್ಬನೇ. ಮುಂದೆ ಸಿಗುವ ಆನಂದವನ್ನೂ ಅವನು ಕಾಣಬಲ್ಲನಾದ್ದರಿಂದ ಮಾತ್ರ ಆ ಜಗದ ನೋವನ್ನು ತಾಳಿಕೊಳ್ಳಬಲ್ಲ ಎಂಬುದು ಅಲ್ಲಿನ ವಿಚಾರ. ಕೆಲವೇ ವರ್ಷಗಳಲ್ಲಿ ಪದ ದೇವರ ಕೈಯಿಂದ ಕವಿಗಳ ಕೈಗೆ ಜಾರಿತು. ಹೈನೆ ಮತ್ತು ಲೇನೌರಂಥ ಕವಿಗಳ ಮನಃಸ್ಥಿತಿಯನ್ನು ವರ್ಣಿಸಲು ವಿಮರ್ಶಕರು ಅದನ್ನು ಬಳಸತೊಡಗಿದರು. ಆ ಕವಿಗಳು ಮಾದರಿಯಾಗಿ ಕಂಡದ್ದು ಇಂಗ್ಲಿಷ್ ಕವಿ ಬೈರನ್ನನನ್ನು. ಹೀಗೆ ಇಂಗ್ಲಿಷ್ ಕವಿಯೊಬ್ಬನ ಬೇಸರಕ್ಕೆ ಜರ್ಮನ್ನರು ಹೆಸರಿಟ್ಟರು, ಆ ಹೆಸರನ್ನು 19ನೇ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲಿಷರು ಎರವಲು ತಂದುಕೊಂಡರು.

ಇದು ಸ್ವಂತ ದುಃಖವಲ್ಲ. ಸಾಲ, ಸಾವು, ಮುರಿದ ಮದುವೆ ಯಾವುದೂ ಇದರ ಕಾರಣವಲ್ಲ. ಜಗತ್ತು ಹೀಗಿರಬೇಕಿತ್ತು ಎಂಬ ಚಿತ್ರ ಮನಸ್ಸಿನಲ್ಲಿದ್ದು, ಇರುವ ಜಗತ್ತು ಅದಕ್ಕೆ ಎಂದೂ ಸರಿಹೊಂದುವುದಿಲ್ಲ ಎಂದು ತಿಳಿದಾಗಿನ ನೋವು. ವೈರಾಗ್ಯಕ್ಕೆ ಇದನ್ನು ಹೋಲಿಸುವುದುಂಟು. ಆದರೆ ವೈರಾಗ್ಯದಲ್ಲಿ ಆಸೆ ಕಳಚಿ ಬಿದ್ದಿರುತ್ತದೆ, ಸ್ಮಶಾನ ವೈರಾಗ್ಯದಲ್ಲಿ ಅರ್ಧ ದಿನವಾದರೂ ಕಳಚಿರುತ್ತದೆ. ವೆಲ್ಟ್‌ಶ್ಮೆರ್ಟ್ಸ್‌ನಲ್ಲಿ ಆಸೆ ಪೂರ್ತಿ ಜೀವಂತ. ಜಗತ್ತಿನ ಮೇಲೆ ಪ್ರೀತಿ ಉಳಿದಿರುವವನಿಗೆ ಮಾತ್ರ ಅದು ಬರುತ್ತದೆ. ಹದಿಹರೆಯದಲ್ಲಿ ಅದರ ಸೋಗು ಹಾಕುವುದು ಸುಲಭ ಎಂಬುದನ್ನು ಜರ್ಮನ್ನರೂ ಬಲ್ಲರು. ಇವತ್ತಿನ ಮಾತಿನಲ್ಲಿ ಅವರು ಈ ಪದವನ್ನು ಅರ್ಧ ಗೇಲಿಯಲ್ಲೇ ಬಳಸುವುದು ಹೆಚ್ಚು.

ಆಂಗ್ಸ್ಟ್‌ನದು ಎಲ್ಲಕ್ಕಿಂತ ಬೋಧಪ್ರದವಾದ ಕಥೆ, ಏಕೆಂದರೆ ಜರ್ಮನ್‌ನಲ್ಲಿ ಆ ಪದಕ್ಕೆ ಯಾವ ವಿಶೇಷವೂ ಇಲ್ಲ. ನಾಯಿ ಕಂಡರೆ ಮಗುವಿಗೆ ಆಗುವುದು ಆಂಗ್ಸ್ಟ್, ಪರೀಕ್ಷೆಯ ಹಿಂದಿನ ದಿನ ಆಗುವುದೂ ಆಂಗ್ಸ್ಟ್. ಬರೀ 'ಹೆದರಿಕೆ'. ಇಕ್ಕಟ್ಟು ಎಂಬ ಅರ್ಥದ ಬಹು ಹಳೆಯ ಧಾತುವಿನಿಂದ ಅದು ಹುಟ್ಟಿದೆ. ವೇದಗಳಲ್ಲಿ ಸಂಕಟ ಎಂಬ ಅರ್ಥದಲ್ಲಿ ಬರುವ 'ಅಂಹಸ್' ಪದ ಇದರ ದೂರದ ನೆಂಟ. ಕಾದಂಬರಿಕಾರ್ತಿ ಜಾರ್ಜ್ ಎಲಿಯಟ್ 1849ರ ಪತ್ರವೊಂದರಲ್ಲಿ ಇದನ್ನು ಜರ್ಮನ್ ಪದವಾಗಿಯೇ ಬಳಸಿದ್ದರು. ಇಂಗ್ಲಿಷ್ ಪದವಾಗಿ ಅದು ನೆಲೆಯೂರಿದ್ದು 20ನೇ ಶತಮಾನದಲ್ಲಿ, ಮನೋವಿಶ್ಲೇಷಣೆ ಮತ್ತು ತತ್ತ್ವಶಾಸ್ತ್ರದ ಪುಸ್ತಕಗಳ ಮೂಲಕ.

ಆ ಪುಸ್ತಕಗಳಲ್ಲಿ ಪದಕ್ಕೆ ಭಾರ ಬಂದಿತ್ತು. ಡೆನ್ಮಾರ್ಕಿನ ಕೀರ್ಕೆಗಾರ್ಡ್ 1844ರಲ್ಲಿ ತನ್ನ ಭಾಷೆಯ ಅದೇ ಮೂಲದ ಪದವನ್ನು ಇಟ್ಟುಕೊಂಡು ಒಂದು ಇಡೀ ಗ್ರಂಥ ಬರೆದ. ಅವನ ಪ್ರಕಾರ ಭಯಕ್ಕೆ ಎದುರಿಗೆ ಒಂದು ವಸ್ತು ಇರುತ್ತದೆ. ಈ ಇನ್ನೊಂದು ತಳಮಳಕ್ಕೆ ಅಂಥ ವಸ್ತುವಿಲ್ಲ; ತಾನು ಏನು ಬೇಕಾದರೂ ಮಾಡಬಹುದು ಎಂಬ ಸ್ವಾತಂತ್ರ್ಯವೇ ತಲೆ ತಿರುಗಿಸುತ್ತದೆ. ಹೈಡೆಗರ್ 1927ರ 'ಇರವು ಮತ್ತು ಕಾಲ' ಗ್ರಂಥದಲ್ಲಿ ಜರ್ಮನ್‌ನ ಎರಡು ಸಾಮಾನ್ಯ ಪದಗಳನ್ನೇ ಬೇರೆ ಮಾಡಿದ: ಹುಲಿಯ ಹೆದರಿಕೆ 'ಫುರ್ಶ್ಟ್', ಯಾವುದರದೂ ಅಲ್ಲದ, ಬದುಕಿರುವುದರದೇ ಹೆದರಿಕೆ ಆಂಗ್ಸ್ಟ್. ಅನುವಾದಕರಿಗೆ ಕಷ್ಟ ಶುರುವಾದದ್ದು ಇಲ್ಲಿ. ಫ್ರಾಯ್ಡ್‌ನನ್ನು ಇಂಗ್ಲಿಷಿಗೆ ತಂದ ಜೇಮ್ಸ್ ಸ್ಟ್ರೇಚಿ ಹೆಚ್ಚಾಗಿ 'ಆಂಕ್ಸೈಟಿ' ಎಂದು ಅನುವಾದಿಸಿದರು. ಕೀರ್ಕೆಗಾರ್ಡ್‌ನ ಗ್ರಂಥವನ್ನು 1944ರಲ್ಲಿ ಅನುವಾದಿಸಿದ ವಾಲ್ಟರ್ ಲೌರಿ 'ಡ್ರೆಡ್' ಎಂದರು. ಒಂದು ವೈದ್ಯರ ಚೀಟಿಯಂತೆ ಕೇಳುತ್ತದೆ, ಇನ್ನೊಂದು ಭೂತದ ಕಥೆಯಂತೆ. ಎರಡೂ ಒಗ್ಗದವರು ಮೂಲ ಪದವನ್ನೇ ಉಳಿಸಿಕೊಂಡರು.

ಫಲವಾಗಿ ಇಂಗ್ಲಿಷಿನ ಆಂಗ್ಸ್ಟ್ ಜರ್ಮನ್ ಆಂಗ್ಸ್ಟ್‌ಗಿಂತ ಕಿರಿದಾಯಿತು. ಇಂಗ್ಲಿಷಿನಲ್ಲಿ ನಾಯಿಯ ಬಗ್ಗೆ ಯಾರಿಗೂ ಆಂಗ್ಸ್ಟ್ ಆಗುವುದಿಲ್ಲ. ಕಾರಣ ಬೆರಳಿಟ್ಟು ತೋರಿಸಲು ಬಾರದ, ತನ್ನ ಬದುಕಿನ ದಿಕ್ಕಿನ ಬಗ್ಗೆಯೇ ಹುಟ್ಟಿ ದಿನಗಟ್ಟಲೆ ಕಾಡುವ ಕಳವಳಕ್ಕೆ ಮಾತ್ರ ಆ ಹೆಸರು. ಆಮೇಲೆ ಅದು ಹದಿಹರೆಯದವರ ಮುಖ ಊದಿಸುವಿಕೆಗೂ ಇಳಿದು, 'ಆಂಗ್ಸ್ಟಿ' ಎಂಬ ವಿಶೇಷಣವನ್ನೂ ಹುಟ್ಟಿಸಿತು. ಕೊನೆಗೆ ಆದದ್ದು ಮಜಾ: ಅಣುಸ್ಥಾವರ, ಹಣದುಬ್ಬರ, ಯುದ್ಧ ಎಂದು ಸದಾ ಆತಂಕಪಡುವ ಜರ್ಮನ್ ಸ್ವಭಾವಕ್ಕೆ ಇಂಗ್ಲಿಷರು 'ಜರ್ಮನ್ ಆಂಗ್ಸ್ಟ್' ಎಂದು ಹೆಸರಿಟ್ಟರು, ಜರ್ಮನ್ನರು ಆ ಇಂಗ್ಲಿಷ್ ಪದಗುಚ್ಛವನ್ನೇ ಇಡಿಯಾಗಿ ತಮ್ಮ ಪತ್ರಿಕೆಗಳಲ್ಲಿ ಬಳಸುತ್ತಾರೆ.

ವಾಂಡರ್‌ಲುಸ್ಟ್‌ಗೆ ಆದದ್ದು ಇದರ ಉಲ್ಟಾ: ಅರ್ಥ ಹಿಗ್ಗಿತು. ಜರ್ಮನ್ 'ವಾಂಡರ್ನ್' ಎಂದರೆ ಗೊತ್ತುಗುರಿಯಿಲ್ಲದೆ ಅಲೆಯುವುದಲ್ಲ. ಬೂಟು ಕಟ್ಟಿಕೊಂಡು, ಬೆನ್ನಿಗೆ ಚೀಲ ಹಾಕಿಕೊಂಡು ಕಾಡುಬೆಟ್ಟಗಳಲ್ಲಿ ನಡೆಯುವುದು. ಇಂಗ್ಲಿಷಿನಲ್ಲಿ ಅದೇ ಕಾಗುಣಿತದ ಪದ ಅಲೆಯುವುದು ಎಂಬ ಅರ್ಥದಲ್ಲಿ ಮೊದಲೇ ಇದ್ದುದರಿಂದ, ಎರವಲು ಬಂದ ಪದದೊಳಗೆ ಆ ಅರ್ಥ ಹೊಕ್ಕುಬಿಟ್ಟಿತು. ಈಗ ವಿಮಾನದ ಟಿಕೆಟ್ ಮಾರುವವರೂ ಅದನ್ನು ಬಳಸುತ್ತಾರೆ. ಊರೂರು ನಡೆಯುವ ಸಂಪ್ರದಾಯ ಜರ್ಮನಿಯಲ್ಲಿ ಕವಿಗಳಷ್ಟೇ ಕಸುಬುದಾರರದೂ ಹೌದು. ಬಡಗಿ, ಚಾವಣಿ ಕೆಲಸದವ ಮೊದಲಾದವರು ಕಲಿಕೆ ಮುಗಿದ ಮೇಲೆ 'ವಾಲ್ಟ್ಸ್' ಎಂಬ ಯಾತ್ರೆಗೆ ಹೊರಡುವ ಪದ್ಧತಿ ಇವತ್ತಿಗೂ ಅಳಿದಿಲ್ಲ. ಮೂರು ವರ್ಷ ಒಂದು ದಿನ ಊರೂರು ನಡೆದು ಕೆಲಸ ಮಾಡಬೇಕು. ಸ್ವಂತ ಊರಿನ ಸುತ್ತ 50 ಕಿಲೋಮೀಟರ್ ಒಳಗೆ ಕಾಲಿಡುವಂತಿಲ್ಲ. ಮದುವೆಯಾಗಿರಬಾರದು, ಸಾಲ ಇರಬಾರದು. ಕಪ್ಪು ಕಾರ್ಡುರಾಯ್ ಬಟ್ಟೆ, ಅಗಲ ಅಂಚಿನ ಟೋಪಿ, ಕೈಯಲ್ಲಿ ತಿರುಚಿದ ಕೋಲು. ಆ ಹುಡುಗರಿಗೆ ಮನೆಯ ನೆನಪಾದರೆ ಅದು 'ಹೈಮ್‌ವೇ', ಊರಿನ ನೋವು. ಎಂದೂ ಕಾಣದ ದೂರದ ಜಾಗಗಳ ಹಂಬಲಕ್ಕೆ ಜರ್ಮನ್ನರು ಹೇಳುವುದು 'ಫೆರ್ನ್‌ವೇ', ದೂರದ ನೋವು. ಇಂಗ್ಲಿಷರು ವಾಂಡರ್‌ಲುಸ್ಟ್ ಎಂದು ಹೇಳಹೊರಟಿರುವುದು ಬಹುಪಾಲು ಈ ಎರಡನೆಯದನ್ನು. ಒಂದರಲ್ಲಿ ಹೊರಡುವ ಹುರುಪು, ಇನ್ನೊಂದರಲ್ಲಿ ಹೊರಡಲಾಗದ ಸಂಕಟ. ಇಂಗ್ಲಿಷ್ ಪದದಲ್ಲಿ ಇವೆರಡೂ ಕಲಸಿಹೋಗಿವೆ.

ಝೈಟ್‌ಗೈಸ್ಟ್ ಒಬ್ಬ ವ್ಯಕ್ತಿಯ ಭಾವವಲ್ಲ, ಒಂದು ಕಾಲದ್ದು. 1769ರಲ್ಲಿ ಹರ್ಡರ್, ತನ್ನ ಕಾಲದ ಪಂಡಿತ ಕ್ಲೋಟ್ಸ್ ಎಂಬುವನನ್ನು ಟೀಕಿಸುವಾಗ, ಅವನ ಲ್ಯಾಟಿನ್ ಗ್ರಂಥದ ಹೆಸರಿನಲ್ಲಿದ್ದ 'ಶತಮಾನದ ಚೇತನ' ಎಂಬ ಮಾತನ್ನು ಜರ್ಮನ್‌ಗೆ ತಿರುಗಿಸಿ ಈ ಪದ ಕಟ್ಟಿದ. ಮೆಚ್ಚುಗೆಯಿಂದಲ್ಲ, ಜನರ ಆಲೋಚನೆಯನ್ನು ಅವರಿಗೇ ತಿಳಿಯದಂತೆ ಕಟ್ಟಿಹಾಕುವ ಶಕ್ತಿ ಎಂಬ ಅನುಮಾನದಿಂದ. ಗಯಟೆಯ 'ಫೌಸ್ಟ್' ನಾಟಕದಲ್ಲಿ ಈ ಅನುಮಾನ ವ್ಯಂಗ್ಯವಾಗುತ್ತದೆ: ಹಳೆಯ ಕಾಲದ ಚೇತನ ಎಂದು ಪಂಡಿತರು ಕರೆಯುವುದು ಕೊನೆಗೂ ಆ ಪಂಡಿತರದೇ ಮನಸ್ಸು, ಕಾಲದ ಕನ್ನಡಿಯಲ್ಲಿ ಅವರು ಕಾಣುವುದು ತಮ್ಮನ್ನೇ ಎಂದು ಫೌಸ್ಟ್ ತನ್ನ ಶಿಷ್ಯನನ್ನು ಛೇಡಿಸುತ್ತಾನೆ. ಇಂಗ್ಲೆಂಡಿನಲ್ಲಿ ಹ್ಯಾಝ್ಲಿಟ್ 1825ರಲ್ಲಿ, ಜಾನ್ ಸ್ಟುವರ್ಟ್ ಮಿಲ್ 1831ರಲ್ಲಿ 'ದ ಸ್ಪಿರಿಟ್ ಆಫ್ ದಿ ಏಜ್' ಎಂಬ ಅಚ್ಚ ಇಂಗ್ಲಿಷ್ ಹೆಸರಿನಲ್ಲೇ ಬರೆದಿದ್ದರು. ಆದರೂ ಮ್ಯಾಥ್ಯೂ ಆರ್ನಲ್ಡ್ ಜರ್ಮನ್ ಪದವನ್ನೇ ಹಿಡಿದ. ಧರ್ಮಗ್ರಂಥವನ್ನು ಕುರಿತ ಅವನ 1873ರ ಪುಸ್ತಕದಲ್ಲಿ ಝೈಟ್‌ಗೈಸ್ಟ್ ಹಳೆಯ ನಂಬಿಕೆಗಳನ್ನು ಸದ್ದಿಲ್ಲದೆ ಸವೆಸುವ ಶಕ್ತಿ: ಪವಾಡಗಳನ್ನು ಯಾರೂ ವಾದದಲ್ಲಿ ಸೋಲಿಸುವುದಿಲ್ಲ, ಜನ ನಂಬುವುದನ್ನು ಬಿಟ್ಟುಬಿಡುತ್ತಾರೆ, ಅಷ್ಟೆ.

ಈ ಕೊನೆಯ ಮಾತಿನಲ್ಲೇ ಪದದ ಸರಿಯಾದ ಬಳಕೆ ಇದೆ. ಫ್ಯಾಷನ್ ಝೈಟ್‌ಗೈಸ್ಟ್ ಅಲ್ಲ. ಫ್ಯಾಷನ್ ಮಾಡುವವರಿಗೆ ತಾವು ಅದನ್ನು ಮಾಡುತ್ತಿದ್ದೇವೆ ಎಂದು ಗೊತ್ತಿರುತ್ತದೆ. ಒಂದು ಕಾಲದ ಜನ ಚರ್ಚಿಸದೆಯೇ ಒಪ್ಪಿಕೊಂಡಿರುವುದು, ಪರಸ್ಪರ ವಿರೋಧಿಗಳೂ ಹಂಚಿಕೊಂಡಿರುವುದು ಝೈಟ್‌ಗೈಸ್ಟ್. ಕನ್ನಡದ 'ಯುಗಧರ್ಮ'ವನ್ನು ಇದಕ್ಕೆ ಸಮಾನ ಎಂದು ಬರೆಯುವವರಿದ್ದಾರೆ. ಯುಗಧರ್ಮ ಪುರಾಣದ ಕಾಲಚಕ್ರದೊಡನೆ ಬರುವ ವಿಧಿ, ಆ ಯುಗದಲ್ಲಿ ನಡೆಯಬೇಕಾದ ರೀತಿಯನ್ನೂ ಹೇಳುತ್ತದೆ. ಝೈಟ್‌ಗೈಸ್ಟ್ ಏನನ್ನೂ ವಿಧಿಸುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರ ಇತಿಹಾಸಕಾರ ಎಡ್ವಿನ್ ಬೋರಿಂಗ್ ಈ ಪದವನ್ನು ವಿಜ್ಞಾನದ ಚರಿತ್ರೆಗೆ ಹಚ್ಚಿದ. ಒಂದೇ ಸಂಶೋಧನೆಯನ್ನು ಇಬ್ಬರು ಬೇರೆ ಬೇರೆಯಾಗಿ ಒಂದೇ ಹೊತ್ತಿಗೆ ಮಾಡುವುದು ಹೇಗೆ ಎಂಬ ಪ್ರಶ್ನೆಗೆ ಅವನ ಉತ್ತರ ಇದು. 1858ರ ಜುಲೈ 1ರಂದು ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಡಾರ್ವಿನ್ ಮತ್ತು ವಾಲೇಸ್ ಇಬ್ಬರ ಬರಹಗಳನ್ನೂ ಒಟ್ಟಿಗೆ ಓದಲಾಯಿತು. ಒಬ್ಬ ಇಂಗ್ಲೆಂಡಿನ ಹಳ್ಳಿಯಲ್ಲಿ, ಇನ್ನೊಬ್ಬ ಮಲಯ ದ್ವೀಪಸ್ತೋಮದಲ್ಲಿ ಕುಳಿತು ಅದೇ ವಿಚಾರಕ್ಕೆ ಬಂದಿದ್ದರು. ಇಬ್ಬರೂ ಜನಸಂಖ್ಯೆಯ ಬಗ್ಗೆ ಮಾಲ್ಥಸ್ ಬರೆದದ್ದನ್ನು ಓದಿದ್ದರು. ಇಲ್ಲಿ ಪದದ ಮಿತಿಯೂ ಕಾಣುತ್ತದೆ: ಮಾಲ್ಥಸ್‌ನ ಪುಸ್ತಕ ಎಂದರೆ ಅದು ಕಾರಣ, ಝೈಟ್‌ಗೈಸ್ಟ್ ಎಂದರೆ ಇನ್ನೂ ಹುಡುಕದ ಕಾರಣಗಳ ಕಟ್ಟು.

ಎಲ್ಲ ಪದಗಳಿಗೂ ಇಂಗ್ಲಿಷಿನಲ್ಲಿ ಪೂರ್ತಿ ಪೌರತ್ವ ಸಿಕ್ಕಿಲ್ಲ. ಸಿಕ್ಕಿದೆಯೇ ಎಂದು ತಿಳಿಯಲು ಮುದ್ರಣ ನೋಡಿದರೆ ಸಾಕು. ಜರ್ಮನ್‌ನಲ್ಲಿ ಎಲ್ಲ ನಾಮಪದಗಳೂ ದೊಡ್ಡ ಅಕ್ಷರದಿಂದ ಶುರುವಾಗುತ್ತವೆ. ಇಂಗ್ಲಿಷಿನಲ್ಲಿ ನೆಲೆಯಾದ ಪದ ಆ ದೊಡ್ಡ ಅಕ್ಷರವನ್ನೂ, ಪರಕೀಯ ಎಂದು ತೋರಿಸುವ ಓರೆ ಅಚ್ಚನ್ನೂ ಕಳೆದುಕೊಳ್ಳುತ್ತದೆ. ಆಂಗ್ಸ್ಟ್, ಝೈಟ್‌ಗೈಸ್ಟ್, ವಾಂಡರ್‌ಲುಸ್ಟ್ ಎರಡನ್ನೂ ಕಳೆದುಕೊಂಡಿವೆ. ಶಾಡನ್‌ಫ್ರಾಯ್ಡ ಬಹುಮಟ್ಟಿಗೆ ಕಳೆದುಕೊಂಡಿದೆ. 1991ರಲ್ಲೇ 'ದ ಸಿಂಪ್ಸನ್ಸ್' ಕಾರ್ಟೂನ್ ಧಾರಾವಾಹಿಯಲ್ಲಿ ಪುಟ್ಟ ಹುಡುಗಿ ಲೀಸಾ, ನೆರೆಯವನ ಅಂಗಡಿ ಮುಳುಗಿದ್ದಕ್ಕೆ ಖುಷಿಪಡುವ ಅಪ್ಪನಿಗೆ ಆ ಪದದ ಅರ್ಥ ಹೇಳಿಕೊಟ್ಟಿದ್ದಳು. ವೆಲ್ಟ್‌ಶ್ಮೆರ್ಟ್ಸ್ ಇನ್ನೂ ಓದಿದವರ ಬರಹದಲ್ಲೇ ಉಳಿದಿದೆ.

ಹೊಸ್ತಿಲಲ್ಲೇ ನಿಂತಿರುವವುಗಳಲ್ಲಿ 'ಟೋರ್‌ಶ್ಲುಸ್‌ಪಾನಿಕ್' ಒಂದು. ಹೆಬ್ಬಾಗಿಲು ಮುಚ್ಚುವ ಗಾಬರಿ ಎಂಬುದು ಅದರ ಅಕ್ಷರಶಃ ಅರ್ಥ. ಕೋಟೆಯೊಳಗಿನ ಜರ್ಮನ್ ನಗರಗಳ ಬಾಗಿಲುಗಳನ್ನು ಸಂಜೆ ಮುಚ್ಚುತ್ತಿದ್ದರು. ಹ್ಯಾಂಬರ್ಗ್‌ನಲ್ಲಿ ತಡವಾಗಿ ಬಂದವರಿಂದ ಸುಂಕ ಕೀಳುವ ಪದ್ಧತಿ 1860ರ ಕೊನೆಯವರೆಗೂ ಇತ್ತು. ವಯಸ್ಸು ಮೀರುತ್ತಿದೆ, ಇನ್ನು ಮದುವೆಯಾಗದಿದ್ದರೆ, ಕೆಲಸ ಬದಲಿಸದಿದ್ದರೆ ಆಗುವುದೇ ಇಲ್ಲ ಎಂಬ ಗಾಬರಿಗೆ ಇವತ್ತು ಅದನ್ನು ಬಳಸುತ್ತಾರೆ. ಅವಕಾಶ ಕಡಿಮೆಯಾಗಿರುವುದಕ್ಕಿಂತ, ಉಳಿದದ್ದು ಎಷ್ಟು ಹೊತ್ತು ತೆರೆದಿರುತ್ತದೋ ತಿಳಿಯದಿರುವುದೇ ಆ ಗಾಬರಿಯ ತಿರುಳು. ಅದಕ್ಕೇ ಅದು ಮನುಷ್ಯನಿಂದ ಅವಸರದ ನಿರ್ಧಾರ ಮಾಡಿಸುತ್ತದೆ. 1961ರ ಬೇಸಿಗೆಯಲ್ಲಿ ಬರ್ಲಿನ್ ಗಡಿ ಮುಚ್ಚುವ ವದಂತಿ ಹಬ್ಬಿದಾಗ ಈ ಪದ ಪತ್ರಿಕೆಗಳಲ್ಲಿ ತುಂಬಿಹೋಗಿತ್ತು. ಆ ಜುಲೈ ಒಂದೇ ತಿಂಗಳಲ್ಲಿ 30 ಸಾವಿರಕ್ಕೂ ಹೆಚ್ಚು ಜನ ಪೂರ್ವ ಜರ್ಮನಿಯನ್ನು ಬಿಟ್ಟು ಪಶ್ಚಿಮಕ್ಕೆ ದಾಟಿದರು. ಆಗಸ್ಟ್ 13ರಂದು ಗಡಿ ನಿಜವಾಗಿಯೂ ಮುಚ್ಚಿತು.